ಹೊಲದಲ್ಲಿ ಕಲ್ಲು ಯಾಕೆ ಜಾಸ್ತಿಯಾಗುತ್ತವೆ? ಮರುಭೂಮೀಕರಣ, ಬದು ಮತ್ತು ಮರ

"ನಾನು ಹುಡುಗನಾಗಿದ್ದಾಗ ಈ ಹೊಲದಾಗೆ ಇಷ್ಟು ಕಲ್ಲು ಇರಲಿಲ್ಲ ಕಣಪ್ಪ. ವರ್ಷಾ ವರ್ಷಾ ಬೆಳೀತಾ ಬಂದವು." ಚಳ್ಳಕೆರೆ ಕಡೆಯ ಒಬ್ಬ ಅಜ್ಜ ತಮ್ಮ ಹೊಲ ತೋರಿಸುತ್ತಾ ಹೇಳಿದ ಮಾತು. ಪಾವಗಡದಲ್ಲಿ, ಮೊಳಕಾಲ್ಮೂರಿನಲ್ಲಿ, ಕೂಡ್ಲಿಗಿಯಲ್ಲಿ ಕೇಳಿದರೂ ಇಂಥದ್ದೇ ಮಾತು ಸಿಗುತ್ತದೆ. ಕಲ್ಲು ಆರಿಸಿ ಬದುವಿಗೆ ಹಾಕಿದಷ್ಟೂ ಮುಂದಿನ ವರ್ಷ ಮತ್ತೆ ಕಾಣಿಸುತ್ತವೆ.

ಅಜ್ಜ ನೋಡಿದ್ದು ಸರಿ. ಕಲ್ಲು ಮಾತ್ರ ಎಲ್ಲಿಂದಲೂ ಬಂದಿದ್ದಲ್ಲ. ಅವು ಮೊದಲಿಂದಲೂ ಮಣ್ಣಿನೊಳಗೆ ಇದ್ದವು. ಮೇಲಿನ ಮಣ್ಣು ಕೊಚ್ಚಿಹೋದ ಹಾಗೆ ಒಂದೊಂದಾಗಿ ಹೊರಗೆ ಬಂದವು.

ಇಸ್ರೋದ ಅಹಮದಾಬಾದ್ ಕೇಂದ್ರ ಉಪಗ್ರಹ ಚಿತ್ರಗಳನ್ನು ನೋಡಿ ಮಾಡಿದ, 2021ರಲ್ಲಿ ಹೊರಬಂದ ನಕ್ಷೆಪುಸ್ತಕದ ಪ್ರಕಾರ ಭಾರತದ ಸುಮಾರು 9.8 ಕೋಟಿ ಹೆಕ್ಟೇರ್ ನೆಲ ಹಾಳಾಗುತ್ತಿದೆ. ದೇಶದ ನೆಲದಲ್ಲಿ ಇದು ನೂರಕ್ಕೆ ಮೂವತ್ತರ ಹತ್ತಿರ. ಕರ್ನಾಟಕದಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ. ಇಂಥ ಸುದ್ದಿ ಬಂದಾಗಲೆಲ್ಲ "ನಮ್ಮಲ್ಲಿ ಮರುಭೂಮಿ ಎಲ್ಲಿದೆ?" ಎಂದು ಕೇಳುವವರಿದ್ದಾರೆ. ಅಜ್ಜನ ಹೊಲದ ಕಲ್ಲುಗಳಲ್ಲೇ ಅದಕ್ಕೆ ಉತ್ತರ ಇದೆ.

## ಮರುಭೂಮೀಕರಣ ಅಂದರೇನು?

ಮರುಭೂಮೀಕರಣ ಅಂದ ತಕ್ಷಣ ರಾಜಸ್ಥಾನದ ಮರಳು ನಮ್ಮ ಕಡೆ ತೆವಳಿಕೊಂಡು ಬರುವ ಚಿತ್ರ ಕಣ್ಣಿಗೆ ಬರುತ್ತದೆ. ಆ ಪದದ ಅರ್ಥ ಅದಲ್ಲ. ವಿಶ್ವಸಂಸ್ಥೆಯ 1994ರ ಒಪ್ಪಂದ ಅದನ್ನು ಹೀಗೆ ವಿವರಿಸುತ್ತದೆ: ಒಣ ಪ್ರದೇಶಗಳಲ್ಲಿ ಹವಾಮಾನದ ಏರುಪೇರಿನಿಂದ, ಮನುಷ್ಯರ ಚಟುವಟಿಕೆಯಿಂದ ನೆಲ ತನ್ನ ಶಕ್ತಿ ಕಳೆದುಕೊಳ್ಳುವುದು. ಅಂದರೆ ನೆಲ ಇದ್ದಲ್ಲೇ ಬಡವಾಗುತ್ತದೆ. ಒಂದು ಹೊಲ, ಆಮೇಲೆ ಪಕ್ಕದ ಹೊಲ, ಆಮೇಲೆ ಗುಡ್ಡದ ಬುಡ. ಅಲ್ಲಲ್ಲಿ ಕಜ್ಜಿ ಕಾಣಿಸಿಕೊಂಡ ಹಾಗೆ.

ಯಾವ ಊರು ಒಣ ಪ್ರದೇಶ ಎಂದು ಹೇಳುವುದಕ್ಕೆ ಮಳೆಯ ಲೆಕ್ಕ ಒಂದೇ ಸಾಲದು. ಬಿಸಿಲು, ಗಾಳಿ ಸೇರಿ ಎಷ್ಟು ನೀರನ್ನು ಆವಿ ಮಾಡಬಲ್ಲವು ಎನ್ನುವುದನ್ನೂ ನೋಡಬೇಕು. ಮಳೆ ಸಂಬಳ ಇದ್ದ ಹಾಗೆ, ಆವಿ ಖರ್ಚು ಇದ್ದ ಹಾಗೆ. ಖರ್ಚಿನ ಐದನೇ ಒಂದು ಭಾಗದಿಂದ ಅರ್ಧದವರೆಗೆ ಮಾತ್ರ ಸಂಬಳ ಬರುವ ಜಾಗಕ್ಕೆ ಅರೆ ಒಣ ಪ್ರದೇಶ ಎನ್ನುತ್ತಾರೆ. ಚಳ್ಳಕೆರೆ ಸುತ್ತ ವರ್ಷಕ್ಕೆ ಸರಾಸರಿ 500 ಮಿಲಿಮೀಟರ್ ಆಸುಪಾಸು ಮಳೆ. ಬಿಸಿಲು ಅದರ ಮೂರು ಪಟ್ಟಿಗಿಂತ ಜಾಸ್ತಿ ನೀರನ್ನು ಹೀರಬಲ್ಲದು. ಅದೂ 500 ಮಿಲಿಮೀಟರ್ ಒಂದೇ ಸಮ ಬರುವುದಿಲ್ಲ. ನಾಲ್ಕೈದು ಜೋರು ಮಳೆಯಲ್ಲೇ ದೊಡ್ಡ ಪಾಲು ಮುಗಿದು ಹೋಗುತ್ತದೆ. ಆ ನಾಲ್ಕೈದು ಮಳೆ ಬಿದ್ದಾಗ ಹೊಲದಲ್ಲಿ ಏನಾಗುತ್ತದೆ ಎನ್ನುವುದರ ಮೇಲೆ ಉಳಿದದ್ದೆಲ್ಲ ನಿಂತಿದೆ.

## ಒಂದು ಮಳೆ, ಒಂದು ಬರಿ ಹೊಲ

ಮೇ ತಿಂಗಳ ಕೊನೆ ಅಂದುಕೊಳ್ಳಿ. ಕೆಂಪು ಮಣ್ಣಿನ ಹೊಲ, ಉತ್ತು ಬಿಟ್ಟಿದ್ದಾರೆ, ಮೇಲೆ ಒಂದು ಕಡ್ಡಿ ಹುಲ್ಲಿಲ್ಲ. ಸಂಜೆ ಗುಡುಗಿ ಒಂದು ಗಂಟೆಯಲ್ಲಿ 40 ಮಿಲಿಮೀಟರ್ ಮಳೆ ಹೊಡೆಯಿತು.

ದಪ್ಪ ಮಳೆಹನಿ ಗಂಟೆಗೆ ಸುಮಾರು 30 ಕಿಲೋಮೀಟರ್ ವೇಗದಲ್ಲಿ ನೆಲಕ್ಕೆ ಬಡಿಯುತ್ತದೆ. ಮೇಲೆ ಎಲೆಯೋ ಹುಲ್ಲೋ ಇದ್ದರೆ ಆ ಪೆಟ್ಟನ್ನು ಅದು ತಿನ್ನುತ್ತದೆ. ಇಲ್ಲದಿದ್ದರೆ ಮಣ್ಣಿನ ಹೆಂಟೆಯೇ ತಿನ್ನಬೇಕು. ಹೆಂಟೆ ಪುಡಿಯಾಗುತ್ತದೆ. ನಯವಾದ ಕಣಗಳು ನೀರಿನಲ್ಲಿ ತೇಲಿ ಮಣ್ಣಿನ ಸಣ್ಣ ಸಣ್ಣ ತೂತುಗಳಲ್ಲಿ ಕೂರುತ್ತವೆ. ಹತ್ತು ಹದಿನೈದು ನಿಮಿಷದಲ್ಲಿ ನೆಲದ ಮೇಲೆ ತೆಳ್ಳನೆ ಹಕ್ಕಳೆ ಕಟ್ಟುತ್ತದೆ. ಮಳೆ ನಿಂತ ಮರುದಿನ ಬಿಸಿಲಿಗೆ ಒಣಗಿದಾಗ ಅದನ್ನು ಉಗುರಿನಿಂದ ಎಬ್ಬಿಸಿ ನೋಡಬಹುದು. ಹಪ್ಪಳದ ಹಾಗೆ ಏಳುತ್ತದೆ. ಒಂದೆರಡು ಮಿಲಿಮೀಟರ್ ದಪ್ಪ, ಅಷ್ಟೇ. ಆದರೆ ಇಂಗುವ ದಾರಿ ಮುಚ್ಚುವುದಕ್ಕೆ ಅಷ್ಟು ಸಾಕು. ಶೇಂಗಾ, ಸಜ್ಜೆ ಮೊಳಕೆ ಮೇಲೆ ಬಾರದೆ ಒಳಗೇ ಮುರುಟಿಕೊಳ್ಳುವುದೂ ಇದೇ ಹಕ್ಕಳೆಯಿಂದ.

ಇಂಗದ ನೀರು ಇಳಿಜಾರಿಗೆ ಹೊರಡುತ್ತದೆ. ಒಂದು ಎಕರೆಗೆ 40 ಮಿಲಿಮೀಟರ್ ಅಂದರೆ ಸುಮಾರು 1,60,000 ಲೀಟರ್. ಅದರಲ್ಲಿ ಅರ್ಧ ಹರಿದು ಹೋಯಿತು ಅಂದರೂ 80,000 ಲೀಟರ್. 5,000 ಲೀಟರಿನ ಟ್ಯಾಂಕರ್‌ಗಳಲ್ಲಿ ಲೆಕ್ಕ ಹಾಕಿದರೆ ಒಂದು ಎಕರೆಯಿಂದ ಒಂದೇ ಸಂಜೆ 16 ಟ್ಯಾಂಕರ್ ಹೊರಗೆ ಹೋದ ಹಾಗೆ.

ನೀರು ಬರಿಗೈಯಲ್ಲಿ ಹೋಗುವುದಿಲ್ಲ. ಹೊಲದ ಮೇಲಿಂದ ಒಂದೇ ಒಂದು ಮಿಲಿಮೀಟರ್ ಮಣ್ಣು ಹೋದರೆ ಎಕರೆಗೆ ಸುಮಾರು 6 ಟನ್, ಅಂದರೆ ಎರಡು ಟ್ರ್ಯಾಕ್ಟರ್ ಲೋಡ್. ಯಾರಾದರೂ ರಾತ್ರಿ ಬಂದು ಎರಡು ಲೋಡ್ ಮಣ್ಣು ತುಂಬಿಕೊಂಡು ಹೋದರೆ ಊರಲ್ಲಿ ಜಗಳವೇ ಆಗುತ್ತದೆ, ಅಲ್ವಾ? ಮಳೆ ಒಯ್ದಾಗ ಯಾರಿಗೂ ಗೊತ್ತಾಗುವುದಿಲ್ಲ, ಯಾಕೆಂದರೆ ಒಂದು ಮಿಲಿಮೀಟರ್ ಕಣ್ಣಿಗೆ ಕಾಣುವುದಿಲ್ಲ. ಮೊದಲು ಹೋಗುವುದು ಹಗುರವಾದ ಗೊಬ್ಬರದ ಅಂಶ ಮತ್ತು ನಯವಾದ ಜೇಡಿ. ಸಾರ ಹೋಗಿ ಮರಳು, ಗರಸು ಉಳಿಯುತ್ತದೆ. ಬೇಸಿಗೆಯಲ್ಲಿ ಕೆರೆ ಗೋಡು ಹೊಡೆಸಿ ಹೊಲಕ್ಕೆ ಹಾಕಿದರೆ ಬೆಳೆ ಚೆನ್ನಾಗಿ ಬರುವುದು ಇದಕ್ಕೇ. ಮೇಲಿನ ಹೊಲಗಳಿಂದ ಇಳಿದುಹೋದ ಸಾರವೇ ಕೆರೆಯಲ್ಲಿ ಕೂತಿರುತ್ತದೆ.

## ಮಳೆ ಅಷ್ಟೇ ಬಂದರೂ ಬರ ಬೇಗ ಬರುತ್ತದೆ

ಮಣ್ಣು ತೆಳುವಾದರೆ ಗೊಬ್ಬರ ಜಾಸ್ತಿ ಹಾಕಿ ಸರಿಮಾಡಬಹುದು ಎಂದು ಅನಿಸುತ್ತದೆ. ಆದರೆ ಒಣ ಸೀಮೆಯಲ್ಲಿ ಮಣ್ಣಿನ ಮೊದಲ ಕೆಲಸ ನೀರು ಹಿಡಿದಿಡುವುದು. ಹೊಲದ ಮಣ್ಣು ಅಂದರೆ ಒಂದು ತೊಟ್ಟಿ.

ನಮ್ಮ ಕಡೆಯ ಕೆಂಪು ಮಣ್ಣು ಒಂದು ಮೀಟರ್ ಆಳಕ್ಕೆ ಬೆಳೆಗೆ ಸಿಗುವಂಥ ಸುಮಾರು 100 ಮಿಲಿಮೀಟರ್ ನೀರು ಹಿಡಿಯಬಲ್ಲದು. ಹೊಲದಲ್ಲಿ ಎರಡು ಅಡಿ, ಅಂದರೆ 60 ಸೆಂಟಿಮೀಟರ್ ಮಣ್ಣಿದ್ದರೆ ತೊಟ್ಟಿಯಲ್ಲಿ 60 ಮಿಲಿಮೀಟರ್ ನೀರು ನಿಲ್ಲುತ್ತದೆ. ಹೂ ಬಿಟ್ಟು ಊಡು ಇಳಿಸುವ ಹೊತ್ತಿನಲ್ಲಿ ಶೇಂಗಾ ದಿನಕ್ಕೆ 4ರಿಂದ 5 ಮಿಲಿಮೀಟರ್ ಕುಡಿಯುತ್ತದೆ. ಅಂದರೆ ಪೂರ್ತಿ ನೆನೆದ ಹೊಲ ಮಳೆಯಿಲ್ಲದೆ 12ರಿಂದ 15 ದಿನ ತಡೆಯಬಹುದು. ಈಗ 20 ಸೆಂಟಿಮೀಟರ್ ಮಣ್ಣು ಕೊಚ್ಚಿಹೋಗಿದೆ ಅನ್ನಿ. ತೊಟ್ಟಿ 40 ಮಿಲಿಮೀಟರಿಗೆ ಇಳಿಯಿತು. ತಡೆಯುವ ದಿನಗಳು 8ರಿಂದ 10ಕ್ಕೆ ಬಂದವು.

ಆಗಸ್ಟಿನಲ್ಲಿ ಎರಡು ವಾರ ಮಳೆ ಕೈಕೊಡುವುದು ಚಳ್ಳಕೆರೆಗೆ ಹೊಸದಲ್ಲ. ಮೊದಲು ಅದು ದಾಟಿಹೋಗುತ್ತಿತ್ತು. ಈಗ ಗಿಡ ಬಾಡುತ್ತದೆ. ಮಾಪನ ಕೇಂದ್ರದ ಲೆಕ್ಕದಲ್ಲಿ ಮಳೆ ಅಷ್ಟೇ ಇರಬಹುದು, ಹೊಲದಲ್ಲಿ ಮಾತ್ರ ಬರ. ಬೆಳೆ ಬಡವಾದರೆ ನೆಲಕ್ಕೆ ಉದುರುವ ಎಲೆ, ಒಳಗೆ ಉಳಿಯುವ ಬೇರು ಕಡಿಮೆ. ಹಾಗಾಗಿ ಮುಂದಿನ ವರ್ಷ ಹೆಂಟೆ ಇನ್ನೂ ಸಡಿಲ, ಹಕ್ಕಳೆ ಇನ್ನೂ ಬೇಗ, ಹರಿದುಹೋಗುವ ನೀರು ಇನ್ನೂ ಜಾಸ್ತಿ. ಇದು ಒಮ್ಮೆ ಶುರುವಾದರೆ ತಾನಾಗಿಯೇ ತಿರುಗುವ ಗಾಣ.

## ಗಾಣ ಶುರುವಾಗಿದ್ದು ಹೇಗೆ?

ಇಳಿಜಾರು, ಕೆಂಪು ಮಣ್ಣು, ಜೋರು ಮಳೆ ಮೊದಲೂ ಇದ್ದವು. ಬದಲಾಗಿದ್ದು ನೆಲದ ಮೇಲಿನ ಹೊದಿಕೆ.

ಚಳ್ಳಕೆರೆ ಎಣ್ಣೆ ಗಿರಣಿಗಳ ಊರು. ಶೇಂಗಾ ಇಲ್ಲಿಯ ಮನೆಗಳನ್ನು ಸಾಕಿದ ಬೆಳೆ, ಅದನ್ನು ದೂರುವುದು ಸರಿಯಲ್ಲ. ಆದರೆ ಅದರ ಒಂದು ಗುಣ ತಿಳಿದಿರಬೇಕು. ಜೋಳ ಕೊಯ್ದರೆ ಕೂಳೆ, ಬೇರು ಹೊಲದಲ್ಲೇ ಉಳಿಯುತ್ತವೆ. ಶೇಂಗಾವನ್ನು ಬೇರು ಸಮೇತ ಕೀಳುತ್ತಾರೆ. ಬಳ್ಳಿ ದನಕ್ಕೆ ಹೋಗುತ್ತದೆ, ಕಾಯಿ ಮಾರುಕಟ್ಟೆಗೆ ಹೋಗುತ್ತದೆ. ಅಕ್ಟೋಬರ್-ನವೆಂಬರಿನಿಂದ ಮುಂದಿನ ಬಿತ್ತನೆಯವರೆಗೆ ಸಡಿಲವಾದ ಬರಿ ನೆಲ. ಮೊದಲು ನಡುನಡುವೆ ಅಕ್ಕಡಿ ಸಾಲು ಇರುತ್ತಿತ್ತು. ತೊಗರಿ, ಅವರೆ, ಅಲಸಂದೆ, ಹರಳು. ಶೇಂಗಾ ಕಿತ್ತ ಮೇಲೂ ತೊಗರಿ ಜನವರಿವರೆಗೆ ನಿಂತು ಎಲೆ ಉದುರಿಸುತ್ತಿತ್ತು. ಬೇಸಿಗೆಯಲ್ಲಿ ಕುರಿ ಮಂದೆ ತರುಬಿಸಿ ಹಿಕ್ಕೆ, ಗಂಜಲ ಹೊಲಕ್ಕೆ ಸೇರಿಸುತ್ತಿದ್ದರು. ಅಕ್ಕಡಿ ಹೋಯಿತು, ಮನೆಯ ದನ ಕಡಿಮೆಯಾದವು, ತಿಪ್ಪೆ ಸಣ್ಣದಾಯಿತು.

ಉಳುಮೆಯೂ ಬದಲಾಯಿತು. ಟ್ರ್ಯಾಕ್ಟರಿಗೆ ಗಂಟೆ ಲೆಕ್ಕದಲ್ಲಿ ದುಡ್ಡು. ಆದಷ್ಟು ಕಡಿಮೆ ತಿರುವು ಇರಲಿ ಎಂದು ಹೊಲದ ಉದ್ದಕ್ಕೆ ಹೊಡೆಯುತ್ತಾರೆ. ಆ ಉದ್ದ ಇಳಿಜಾರಿನ ದಿಕ್ಕಿಗೇ ಇದ್ದರೆ ಪ್ರತಿ ಸಾಲೂ ನೀರಿಗೆ ಕಾಲುವೆ. ಇಳಿಜಾರಿಗೆ ಅಡ್ಡವಾಗಿ ಉತ್ತರೆ ಅದೇ ಸಾಲು ಪುಟ್ಟ ಅಣೆಕಟ್ಟು.

ಇದರ ಜೊತೆ ಗುಡ್ಡ, ಗೋಮಾಳಗಳ ಒತ್ತುವರಿ. ಮೇಯಿಸುವ ಜಾಗ ಕುಗ್ಗಿದಷ್ಟೂ ಉಳಿದ ಜಾಗದ ಮೇಲೆ ಕುರಿ, ಮೇಕೆಗಳ ಕಾಟ ಜಾಸ್ತಿ. ಗುಡ್ಡ ಬೋಳಾದರೆ ಅಲ್ಲಿಂದ ಇಳಿಯುವ ನೀರೇ ಕೆಳಗಿನ ಹೊಲಗಳನ್ನು ಕೊರೆಯುತ್ತದೆ. ನೀರು ಕಡಿಮೆಯಾಗಿ ಮಾತ್ರ ನೆಲ ಕೆಡುತ್ತದೆ ಎಂದೂ ಅಲ್ಲ. ತುಂಗಭದ್ರಾ ಕಾಲುವೆಯ ಸಿಂಧನೂರು, ಗಂಗಾವತಿ ಕಡೆ ನೀರು ಜಾಸ್ತಿಯಾಗಿ ಉಪ್ಪು ಮೇಲೆ ಬಂದು ನೆಲ ಸವಳು-ಜವಳಾಗಿದೆ. ಅದರ ಮದ್ದು ಬೇರೆ, ಅಲ್ಲಿ ನೀರು ಬಸಿಯಬೇಕು. ಇಲ್ಲಿ ಮಳೆ ನಂಬಿದ ಹೊಲದ ಮಾತಷ್ಟೇ ಆಡೋಣ.

## ಬದು: ನಾಲ್ಕು ಎಕರೆಯ ಲೆಕ್ಕ

ಬದು, ಉತ್ತರ ಕರ್ನಾಟಕದಲ್ಲಿ ಒಡ್ಡು. ಇಳಿಜಾರಿಗೆ ಅಡ್ಡವಾಗಿ ಹಾಕಿದ ಮಣ್ಣಿನ ದಿಬ್ಬ. ಅದು ಎರಡು ಕೆಲಸ ಮಾಡುತ್ತದೆ. ಉದ್ದನೆಯ ಇಳಿಜಾರನ್ನು ತುಂಡು ತುಂಡು ಮಾಡಿ ನೀರು ವೇಗ ಹಿಡಿಯದಂತೆ ನೋಡಿಕೊಳ್ಳುತ್ತದೆ. ತನ್ನ ಹಿಂದೆ ನೀರು ನಿಲ್ಲಿಸಿ ಇಂಗುವುದಕ್ಕೆ ಹೊತ್ತು ಕೊಡುತ್ತದೆ.

ಒಂದು ಹೊಲ ತೆಗೆದುಕೊಳ್ಳೋಣ. ಇಳಿಜಾರಿನ ಉದ್ದಕ್ಕೆ 160 ಮೀಟರ್, ಅಗಲ 100 ಮೀಟರ್. ಹೆಚ್ಚು ಕಡಿಮೆ 4 ಎಕರೆ. ಇಳಿಜಾರು ನೂರಕ್ಕೆ ಎರಡು, ಅಂದರೆ 100 ಅಡಿ ನಡೆದರೆ ನೆಲ 2 ಅಡಿ ಇಳಿದಿರುತ್ತದೆ. ಕಣ್ಣಿಗೆ ಸಪಾಟಾಗಿಯೇ ಕಾಣುತ್ತದೆ. ಮಣ್ಣು ಸಂರಕ್ಷಣೆಯವರು ಬಳಸುವ ಸೂತ್ರದ ಪ್ರಕಾರ ಇಷ್ಟು ಇಳಿಜಾರಿನಲ್ಲಿ ಒಂದು ಬದುವಿನಿಂದ ಮುಂದಿನ ಬದುವಿಗೆ 80 ಸೆಂಟಿಮೀಟರ್ ಇಳಿತ ಇರಬೇಕು. ನೂರಕ್ಕೆ ಎರಡರ ಇಳಿಜಾರಿನಲ್ಲಿ 80 ಸೆಂಟಿಮೀಟರ್ ಇಳಿಯಲು 40 ಮೀಟರ್ ನಡೆಯಬೇಕು. ಹಾಗಾಗಿ ನಮ್ಮ ಹೊಲಕ್ಕೆ 40 ಮೀಟರಿಗೆ ಒಂದರಂತೆ 4 ಬದು. ಕೊನೆಯದು ಕೆಳಗಿನ ಗಡಿಯಲ್ಲಿ.

ಬುಡ 6 ಅಡಿ, ತಲೆ ಒಂದೂವರೆ ಅಡಿ, ಎತ್ತರ 2 ಅಡಿ ಇಟ್ಟುಕೊಳ್ಳಿ. ಬುಡ ಅಗಲ ಯಾಕೆ ಅಂದರೆ ಕೆಂಪು ಮಣ್ಣು ಕಡಿದಾಗಿ ನಿಲ್ಲುವುದಿಲ್ಲ, ಜಾರುತ್ತದೆ. ಸಡಿಲ ಮಣ್ಣು ಒಂದು ಮಳೆಗಾಲದಲ್ಲಿ ನೂರಕ್ಕೆ ಹತ್ತರಿಂದ ಇಪ್ಪತ್ತರಷ್ಟು ಕುಸಿಯುತ್ತದೆ. ಅದಕ್ಕೇ ಮೂರ್ನಾಲ್ಕು ಇಂಚು ಜಾಸ್ತಿ ಎತ್ತರಿಸಿ, ಪದರ ಪದರವಾಗಿ ತುಳಿದು ಗಟ್ಟಿ ಮಾಡಬೇಕು. ಹಾಕುವ ಮೊದಲು ಬುಡದ ಹುಲ್ಲು ಕೆತ್ತಿ ನೆಲ ಕೆದಕಬೇಕು. ಇಲ್ಲದಿದ್ದರೆ ಹಳೆ ನೆಲಕ್ಕೂ ಹೊಸ ಮಣ್ಣಿಗೂ ಬೆಸುಗೆ ಆಗದೆ ನಡುವೆ ನೀರು ಜಿನುಗುತ್ತದೆ. ಮಣ್ಣನ್ನು ಮೇಲುಭಾಗದಿಂದ ತೆಗೆಯಬೇಕು, ಒಂದು ಅಡಿಗಿಂತ ಆಳ ಬೇಡ. ಆ ತಗ್ಗು ಒಂದೆರಡು ವರ್ಷದಲ್ಲಿ ರೇವೆಯಿಂದ ತುಂಬಿ ಮತ್ತೆ ಉಳುವುದಕ್ಕೆ ಸಿಗುತ್ತದೆ. ಉದ್ಯೋಗ ಖಾತರಿಯಲ್ಲಿ ಮಾಡಿಸುವ ಕಂದಕ ಬದುವಿನಲ್ಲಿ ತಗ್ಗನ್ನು ಆಳ ಮಾಡಿ ಹಾಗೇ ಉಳಿಸುತ್ತಾರೆ. ಅಲ್ಲಿ ಕಂದಕದ ನಡುನಡುವೆ ಅಗೆಯದೆ ಅಡ್ಡಗಟ್ಟೆ ಬಿಡಬೇಕು. ಇಲ್ಲದಿದ್ದರೆ ನೀರು ಕಂದಕದೊಳಗೇ ಓಡಿ ಒಂದು ತುದಿಯಲ್ಲಿ ಕೊರೆಯುತ್ತದೆ.

ಈಗ ನೀರಿನ ಲೆಕ್ಕ. ಬದುವಿನ ಹಿಂದೆ ಒಂದು ಅಡಿ ನೀರು ನಿಂತರೆ ಅದು ಹಿಂದಕ್ಕೆ ಸುಮಾರು 15 ಮೀಟರ್ ಹರಡುತ್ತದೆ. 100 ಮೀಟರ್ ಉದ್ದದ ಬದು ಹೀಗೆ ಸುಮಾರು 2,25,000 ಲೀಟರ್ ಹಿಡಿಯಬಲ್ಲದು. ಅದರ ಮೇಲಿನ ಪಟ್ಟಿ ಒಂದು ಎಕರೆ. ಅಲ್ಲಿಂದ ಮೇ ತಿಂಗಳ ಆ ಮಳೆಗೆ ಹೊರಟಿದ್ದು 80,000 ಲೀಟರ್. ಪೂರ್ತಿ ನಿಂತಿತು. ಅದರ ಎರಡು ಪಟ್ಟು ಬಂದರೂ ನಿಲ್ಲುತ್ತದೆ.

ಮೂರು ಪಟ್ಟು ಬಂದರೆ? ಅದಕ್ಕೇ ಕೋಡಿ ಬೇಕು. ಬದುವಿನ ಒಂದು ಕಡೆ, ನೆಲದಿಂದ ಒಂದು ಅಡಿ ಎತ್ತರದಲ್ಲಿ ಕಲ್ಲು ಜೋಡಿಸಿದ ಬಾಯಿ. ಆ ಮಟ್ಟ ಮೀರಿದ ನೀರು ಮೆಲ್ಲಗೆ ಕೆಳಗಿನ ಪಟ್ಟಿಗೆ ಇಳಿಯುತ್ತದೆ. ಹೊಲದಲ್ಲಿ ಆರಿಸಿದ ಕಲ್ಲಿಗೆ ಇದಕ್ಕಿಂತ ಒಳ್ಳೆ ಕೆಲಸ ಇಲ್ಲ. ಕೋಡಿ ಇಲ್ಲದ ಬದು ದೊಡ್ಡ ಮಳೆಗೆ ತನಗೆ ಬೇಕಾದ ಕಡೆ ಒಡೆದುಕೊಳ್ಳುತ್ತದೆ.

ರೈತರು ಕೇಳುವ ಮೊದಲ ಪ್ರಶ್ನೆ ಜಾಗದ್ದು. 6 ಅಡಿ ಬುಡದ 400 ಮೀಟರ್ ಬದು ಸುಮಾರು 7 ಗುಂಟೆ ತಿನ್ನುತ್ತದೆ. ನೂರಕ್ಕೆ ನಾಲ್ಕೂವರೆ ಪಾಲು. ಇದು ನಿಜವಾದ ನಷ್ಟ, ಮುಚ್ಚಿಡುವುದಕ್ಕೆ ಆಗುವುದಿಲ್ಲ. ಆ 7 ಗುಂಟೆಯಿಂದ ಏನಾದರೂ ಬರಬೇಕು ಅಂದರೆ ಬದುವಿನ ಮೇಲೆ ಹುಲ್ಲು, ಮರ ಬೆಳೆಸಬೇಕು. ಆ ಮಾತಿಗೆ ಮುಂದೆ ಬರೋಣ.

## ಮಟ್ಟ ಹಿಡಿಯುವ ಕೋಲು

ಬದು ಎಲ್ಲಿ ಹಾಕಬೇಕು ಎನ್ನುವುದು ಎಷ್ಟು ಎತ್ತರ ಎನ್ನುವುದಕ್ಕಿಂತ ದೊಡ್ಡ ಪ್ರಶ್ನೆ. ತಟ್ಟೆಯಲ್ಲಿ ನೀರು ಹಾಕಿ ಸ್ವಲ್ಪ ವಾಲಿಸಿದರೆ ನೀರೆಲ್ಲ ಒಂದು ಮೂಲೆಗೆ ಸೇರುತ್ತದೆ. ಬದುವೂ ಹಾಗೇ. ಅದರ ಒಂದು ತುದಿ ಇನ್ನೊಂದಕ್ಕಿಂತ ಅರ್ಧ ಅಡಿ ತಗ್ಗಿದ್ದರೂ ನೀರು ಅತ್ತ ಓಡಿ ಅಲ್ಲೇ ಒಡೆಯುತ್ತದೆ. ಹಾಗಾಗಿ ಬದು ಒಂದೇ ಮಟ್ಟದಲ್ಲಿ ಹೋಗಬೇಕು. ನೆಲ ಬಾಗಿದ ಕಡೆ ಬದುವೂ ಬಾಗಬೇಕು. ಇದನ್ನೇ ಸಮಪಾತಳಿ ಬದು ಎನ್ನುತ್ತಾರೆ.

ಮಟ್ಟ ಹಿಡಿಯಲು ಗಾರೆ ಕೆಲಸದವರ ನೀರಿನ ಪೈಪು ಸಾಕು. ಅದೂ ಇಲ್ಲದಿದ್ದರೆ ಮೂರು ಕೋಲು. ಎರಡು ಉದ್ದನೆಯ ಕೋಲುಗಳ ತುದಿ ಜೋಡಿಸಿ ಕಾಲು ಅಗಲಿಸಿ, ನಡುವೆ ಒಂದು ಅಡ್ಡಕೋಲು ಕಟ್ಟಿ. ಮೇಲಿನ ತುದಿಯಿಂದ ದಾರಕ್ಕೆ ಕಲ್ಲು ಕಟ್ಟಿ ಇಳಿಬಿಡಿ. ಎರಡೂ ಕಾಲನ್ನು ನೆಲದಲ್ಲಿ ಊರಿ, ದಾರ ಅಡ್ಡಕೋಲನ್ನು ಮುಟ್ಟುವ ಕಡೆ ಗೀಟು ಹಾಕಿ. ಈಗ ಎಡಗಾಲಿದ್ದ ಜಾಗಕ್ಕೆ ಬಲಗಾಲು ಬರುವಂತೆ ತಿರುಗಿಸಿ ಇನ್ನೊಂದು ಗೀಟು ಹಾಕಿ. ಎರಡು ಗೀಟುಗಳ ನಡುಮಧ್ಯವೇ ಸರಿಯಾದ ಮಟ್ಟ. ಆಮೇಲೆ ಹೊಲದಲ್ಲಿ ಒಂದು ಕಾಲು ಊರಿ, ದಾರ ನಡುಗೀಟಿಗೆ ಬರುವವರೆಗೆ ಇನ್ನೊಂದು ಕಾಲನ್ನು ಮೇಲೆ ಕೆಳಗೆ ಸರಿಸಿ, ಅಲ್ಲಿ ಗೂಟ ಹೊಡೆದು ಮುಂದಕ್ಕೆ ಹೆಜ್ಜೆ ಹಾಕುತ್ತಾ ಹೋಗುವುದು. ಇಬ್ಬರು ಸೇರಿದರೆ ಒಂದು ಬೆಳಗ್ಗೆಯಲ್ಲಿ ನಾಲ್ಕು ಬದುವಿನ ಗುರುತು ಮುಗಿಯುತ್ತದೆ.

ತೊಂದರೆ ಬರುವುದು ಗಡಿಯಲ್ಲಿ. ನಮ್ಮ ಹೊಲಗಳು ಅಣ್ಣತಮ್ಮಂದಿರಲ್ಲಿ ಪಾಲಾಗಿ ಉದ್ದುದ್ದ ಪಟ್ಟಿಗಳಾಗಿವೆ. ನೀರಿನ ಮಟ್ಟಕ್ಕೆ ಪಹಣಿಯ ಗೆರೆ ಗೊತ್ತಿಲ್ಲ. ಮಟ್ಟ ಹಿಡಿದು ಹೋದರೆ ಬದು ಪಕ್ಕದವರ ಹೊಲ ದಾಟುತ್ತದೆ. ಅದಕ್ಕೇ ಬಹಳ ಕಡೆ ಗಡಿಯ ಮೇಲೇ ಬದು ಹಾಕಿ ಬಿಡುತ್ತಾರೆ. ಅಂಥ ಬದುವಿಗೆ ತಗ್ಗಿನ ಮೂಲೆಯಲ್ಲಿ ಗಟ್ಟಿಯಾದ ಕೋಡಿ ಕಡ್ಡಾಯ.

## ಎಲ್ಲಿ ಕೆಡುತ್ತದೆ?

ಕೆಲಸ ಮೇಲಿಂದ ಕೆಳಗೆ ಬರಬೇಕು. ಗುಡ್ಡದ ತಲೆಯಲ್ಲಿ ಕಂದಕ, ಆಮೇಲೆ ಮೇಲಿನ ಹೊಲಗಳ ಬದು, ಕೊನೆಗೆ ಹಳ್ಳಕ್ಕೆ ತಡೆ. ಜಲಾನಯನ ಅಂದರೆ ಇದೇ. 2000ದ ದಶಕದಲ್ಲಿ ಚಿತ್ರದುರ್ಗ, ತುಮಕೂರು, ಕೋಲಾರ, ಹಾವೇರಿ, ಧಾರವಾಡದಲ್ಲಿ ನಡೆದ ಸುಜಲ ಯೋಜನೆಯೂ ಈ ಕ್ರಮವನ್ನೇ ಹಿಡಿದಿತ್ತು. ಮೇಲಿನವರು ಸುಮ್ನೆ ಇದ್ದು ಕೆಳಗಿನವರೊಬ್ಬರೇ ಬದು ಹಾಕಿದರೆ ಇಡೀ ಇಳಿಜಾರಿನ ನೀರು ಒಂದು ಬದುವಿನ ಮೇಲೆ ಬೀಳುತ್ತದೆ. ನಾವು ಮಾಡಿದ ಲೆಕ್ಕ ಒಂದು ಎಕರೆಯದು. ಐದು ಎಕರೆಯ ನೀರಿಗೆ ಅದು ತಡೆಯುವುದಿಲ್ಲ.

ಇನ್ನೊಂದು ತಪ್ಪು ಮಣ್ಣಿನ ಬಗೆ ನೋಡದೆ ಇರುವುದು. ಕೆಂಪು ಮಣ್ಣಿನಲ್ಲಿ ನಿಂತ ನೀರು ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಂಗುತ್ತದೆ. ಬಳ್ಳಾರಿ, ವಿಜಯಪುರದ ಎರೆ ನೆಲದಲ್ಲಿ ನೀರು ನಿಂತೇ ಇರುತ್ತದೆ, ಬೆಳೆ ಹಳದಿಯಾಗಿ ಕೊಳೆಯುತ್ತದೆ. ಎರೆ ಮಣ್ಣು ಬೇಸಿಗೆಯಲ್ಲಿ ಬಿರಿಯುವುದರಿಂದ ಮಣ್ಣಿನ ಬದುವೂ ಬಿರುಕು ಬಿಡುತ್ತದೆ. ಮೊದಲ ಮಳೆಯ ನೀರು ಆ ಬಿರುಕಿನಲ್ಲಿ ನುಗ್ಗಿ ಒಡೆಯುತ್ತದೆ. ಹಾಗಾಗಿ ಅಲ್ಲಿ ಬದುವಿಗೆ ಸ್ವಲ್ಪ ಇಳಿಜಾರು ಕೊಟ್ಟು, ಹೆಚ್ಚಾದ ನೀರನ್ನು ಮೆಲ್ಲಗೆ ಒಂದು ಹುಲ್ಲಿನ ಕಾಲುವೆಗೆ ಬಿಡುತ್ತಾರೆ.

ಉಳಿದದ್ದು ನೋಡಿಕೊಳ್ಳುವ ಕೆಲಸ. ಇಲಿ ಬಿಲ, ದನ ದಾಟಿ ಸವೆದ ಜಾಗ, ಪ್ರತಿ ವರ್ಷ ಅರ್ಧ ಅಡಿ ಬದು ಕೆರೆದುಕೊಳ್ಳುವ ನೇಗಿಲು. ಮೊದಲ ಮಳೆಗಾಲದಲ್ಲಿ ಪ್ರತಿ ಜೋರು ಮಳೆ ಆದ ಮೇಲೆ ಒಮ್ಮೆ ಬದುವಿನ ಮೇಲೆ ನಡೆದು ಬರಬೇಕು. ಅಂಗೈ ಅಗಲದ ತಗ್ಗನ್ನು ಅವತ್ತೇ ಮುಚ್ಚಿದರೆ ಎರಡು ಬುಟ್ಟಿ ಮಣ್ಣು ಸಾಕು.

## ಬದುವಿನ ಮೇಲೆ ಮರ

ಮೊದಲು ಮರ ನೆಟ್ಟು ಆಮೇಲೆ ನೀರಿನ ಚಿಂತೆ ಮಾಡುವುದು ಒಣ ಸೀಮೆಯಲ್ಲಿ ನಡೆಯುವುದಿಲ್ಲ. ಹಕ್ಕಳೆ ಕಟ್ಟಿದ ನೆಲದಲ್ಲಿ ಗುಂಡಿ ತೋಡಿ ಸಸಿ ಇಟ್ಟರೆ ಅದು ಮೊದಲ ಬೇಸಿಗೆ ದಾಟುವುದೇ ಕಷ್ಟ. ಬದು ಇದ್ದರೆ ಅದರ ಬುಡದಲ್ಲಿ ನೀರು ಆಳಕ್ಕೆ ಇಂಗಿರುತ್ತದೆ. ಸಸಿಯ ತಾಯಿಬೇರು ಆ ತೇವ ಹಿಂಬಾಲಿಸಿ ಇಳಿಯುತ್ತದೆ.

ಬದುವಿನ ಮೈಮೇಲೆ ಹುಲ್ಲು, ಕೆಳಬದಿಯ ಬುಡದಲ್ಲಿ ಮರ. ಬೇವು, ಹೊಂಗೆ, ಹುಣಸೆ, ಸೀತಾಫಲ ನಮ್ಮ ಮಳೆಗೆ ಒಗ್ಗಿದವು. ದೊಡ್ಡ ಮರಗಳ ನಡುವೆ 5 ಮೀಟರಿಗಿಂತ ಜಾಸ್ತಿ ಅಂತರ ಬೇಕು, ಹುಣಸೆಗೆ ಇನ್ನೂ ಜಾಸ್ತಿ. ನಡುನಡುವೆ ಗೊಬ್ಬರದ ಗಿಡ, ಅಂದರೆ ಗ್ಲಿರಿಸಿಡಿಯಾ, ಒತ್ತೊತ್ತಾಗಿ ಹಾಕಿ ವರ್ಷಕ್ಕೆ ಎರಡು ಮೂರು ಸಲ ಸೊಪ್ಪು ಕಡಿದು ಹೊಲಕ್ಕೆ ಹರಡಬಹುದು. ಆ ಸೊಪ್ಪು ಗೊಬ್ಬರವೂ ಹೌದು, ಮಳೆಹನಿಗೆ ತಡೆಯೂ ಹೌದು. ಗಾಣ ಹಿಂದಕ್ಕೆ ತಿರುಗುವುದಕ್ಕೆ ಶುರುವಾಗುವುದು ಇಲ್ಲಿ.

ಸಸಿ ಎತ್ತರ ಇದ್ದಷ್ಟೂ ಒಳ್ಳೆಯದು ಎನ್ನುವ ನಂಬಿಕೆ ಇದೆ. ಕವರಿನ ತಳ ನೋಡಿ. ಬೇರು ಸುರುಳಿ ಸುತ್ತಿದ್ದರೆ ಆ ಸಸಿ ನೆಟ್ಟ ಮೇಲೂ ಸುತ್ತುತ್ತಲೇ ಇರುತ್ತದೆ, ಆಳಕ್ಕೆ ಇಳಿಯುವುದಿಲ್ಲ. ಬೇರು ನೇರ ಇರುವ ಸಣ್ಣ ಸಸಿಯೇ ವಾಸಿ. ಹೊಂಗೆ, ಹುಣಸೆಯನ್ನು ಬೀಜ ಊರಿಯೂ ಬೆಳೆಸಬಹುದು. ಬೇವಿನ ಬೀಜ ಉದುರಿದ ಎರಡು ಮೂರು ವಾರದೊಳಗೆ ಊರಬೇಕು, ಆಮೇಲೆ ಅದರ ಮೊಳೆಯುವ ಶಕ್ತಿ ಬೇಗ ಕುಗ್ಗುತ್ತದೆ. ಸುತ್ತ ಜಾಲಿ ಮುಳ್ಳು ಹಾಕದಿದ್ದರೆ ಮೇಕೆ ಬಿಡುವುದಿಲ್ಲ. ಮರದ ಪಕ್ಕದ ಎರಡು ಮೂರು ಸಾಲು ಬೆಳೆ ಸೊರಗುತ್ತದೆ ಎನ್ನುವುದೂ ನಿಜ. ರೆಂಬೆ ಸವರುತ್ತಾ ಇದ್ದರೆ ಅದು ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ.

ನೆಡದೆಯೂ ಮರ ಬರುತ್ತದೆ. ಆಫ್ರಿಕಾದ ನೈಜರ್ ದೇಶದ ಮರಾಡಿ ಪ್ರದೇಶದಲ್ಲಿ 1980ರ ದಶಕದಲ್ಲಿ ಟೋನಿ ರಿನಾಡೊ ಎಂಬ ಆಸ್ಟ್ರೇಲಿಯಾದ ಕೃಷಿ ತಜ್ಞರು ಸಾವಿರಾರು ಸಸಿ ನೆಟ್ಟು ಬಹುತೇಕ ಎಲ್ಲವನ್ನೂ ಕಳೆದುಕೊಂಡಿದ್ದರು. ಒಂದು ದಿನ ಹೊಲದಲ್ಲಿದ್ದ ಕುರುಚಲು ಪೊದೆಯನ್ನು ಹತ್ತಿರದಿಂದ ನೋಡಿದಾಗ ಅದು ಪೊದೆಯಲ್ಲ, ಕಡಿದ ಮರದ ಬುಡದಿಂದ ಬಂದ ಚಿಗುರು ಎಂದು ಗೊತ್ತಾಯಿತು. ನೆಲದ ಕೆಳಗೆ ಜೀವಂತ ಬೇರಿತ್ತು. ರೈತರು ಪ್ರತಿ ಬುಡದಲ್ಲಿ ಗಟ್ಟಿಮುಟ್ಟಾದ ಕೆಲವು ಚಿಗುರು ಬಿಟ್ಟು ಉಳಿದದ್ದನ್ನು ಸವರತೊಡಗಿದರು. ಮುಂದಿನ ಎರಡು ದಶಕಗಳಲ್ಲಿ ಆ ದೇಶದಲ್ಲಿ ಸುಮಾರು 50 ಲಕ್ಷ ಹೆಕ್ಟೇರ್ ಹೊಲಗಳಲ್ಲಿ ಹೀಗೆ ಮರ ಬಂತು. ನಮ್ಮ ತುಗ್ಗಲಿ, ಕಮರ, ಬೇವು ಕೂಡ ಬುಡದಿಂದ ಚಿಗುರುವ ಜಾತಿ. ಉಳುವಾಗ ಕಿತ್ತು ಹಾಕುವ ಆ ಚಿಗುರಿನ ಕೆಳಗೆ ಯಾವ ಸಸಿಗೂ ಇಲ್ಲದಷ್ಟು ಆಳದ ಬೇರು ಇರುತ್ತದೆ. ಬದು ಪಕ್ಕ ಇರುವುದನ್ನು ಬಿಟ್ಟರೆ ಸಾಕು.

ಒಂದು ಎಚ್ಚರಿಕೆ. ಮರ ಇಲ್ಲದ ಬಯಲೆಲ್ಲ ಹಾಳಾದ ನೆಲ ಅಲ್ಲ. ಚಳ್ಳಕೆರೆಯ ಕಾವಲುಗಳು ಹುಲ್ಲುಗಾವಲುಗಳು. ಕುರಿಗಾಹಿಗಳೂ ಅಮೃತಮಹಲ್ ದನಗಳೂ ಬದುಕಿದ್ದು ಆ ಹುಲ್ಲಿನ ಮೇಲೆ. ಹುಲ್ಲಿನ ಬೇರು ಮಣ್ಣನ್ನು ಬಲೆಯಂತೆ ಹಿಡಿದಿರುತ್ತದೆ. ಅಲ್ಲಿ ಗುಂಡಿ ತೋಡಿ ಸಾಲು ಮರ ನೆಡುವುದು ಚೆನ್ನಾಗಿರುವ ನೆಲವನ್ನೇ ಕೆದಕಿದ ಹಾಗೆ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದಲ್ಲಿ ನೀಲಗಿರಿ ನೆಟ್ಟು ಹುಲ್ಲುಬಯಲು ಮುಚ್ಚಿಹೋಯಿತು, ಎರೆಭೂತ ಹಕ್ಕಿಗೆ ನೆಲೆ ಇಲ್ಲದಾಯಿತು.

## ಮಣ್ಣು ನಿಂತಿದೆಯೋ ಇಲ್ಲವೋ ನೋಡುವುದು ಹೇಗೆ?

ಒಂದು ಅಡಿ ಉದ್ದದ ಕಬ್ಬಿಣದ ಸರಳು ಸಾಕು. ಎತ್ತು, ಟ್ರ್ಯಾಕ್ಟರ್ ಓಡಾಡದ ಜಾಗದಲ್ಲಿ, ಅಂದರೆ ಹೊಲದ ಅಂಚಿನಲ್ಲೋ ಗುಡ್ಡದ ಬುಡದಲ್ಲೋ ಹೊಡೆದು, ನೆಲದ ಮಟ್ಟಕ್ಕೆ ಬಣ್ಣದ ಗುರುತು ಹಾಕಿ. ಮಳೆಗಾಲ ಮುಗಿದ ಮೇಲೆ ಬಣ್ಣದ ಕೆಳಗೆ ಎಷ್ಟು ಕಬ್ಬಿಣ ಕಾಣುತ್ತದೋ ಅಷ್ಟು ಮಣ್ಣು ಹೋಗಿದೆ. ಒಂದು ಮಿಲಿಮೀಟರಿಗೆ ಎಕರೆಗೆ ಎರಡು ಟ್ರ್ಯಾಕ್ಟರ್ ಲೋಡ್ ಎಂದು ಲೆಕ್ಕ.

ಸರಳೂ ಇಲ್ಲದಿದ್ದರೆ ಜೋರು ಮಳೆಯ ಮರುದಿನ ಹೊಲದಲ್ಲಿ ಕೂತು ಸಣ್ಣ ಕಲ್ಲುಗಳನ್ನು ನೋಡಿ. ಕೆಲವು ಕಲ್ಲುಗಳು ಪುಟ್ಟ ಮಣ್ಣಿನ ಕಂಬದ ಮೇಲೆ ಕೂತಿರುತ್ತವೆ. ಕಲ್ಲು ಕೊಡೆಯಂತೆ ಹನಿಯನ್ನು ತಡೆದು ತನ್ನ ಕೆಳಗಿನ ಮಣ್ಣನ್ನು ಉಳಿಸಿಕೊಂಡಿದೆ, ಸುತ್ತಲಿನದು ಹೋಗಿದೆ. ಆ ಕಂಬದ ಎತ್ತರವೇ ನಿನ್ನೆಯ ನಷ್ಟ. ಬದು ಹಾಕಿ ಸೊಪ್ಪು ಹರಡಿದ ಹೊಲದಲ್ಲಿ ಈ ಕಂಬಗಳು ವರ್ಷ ವರ್ಷ ಗಿಡ್ಡವಾಗುತ್ತವೆ.

ಅಜ್ಜನ ಹೊಲದಲ್ಲಿ ಅಂಥ ಒಂದು ಕಲ್ಲನ್ನು ಮೆಲ್ಲಗೆ ಎತ್ತಿ ತೋರಿಸಿದೆ. ಕೆಳಗೆ ಹೆಬ್ಬೆರಳಿನ ಉಗುರಿನಷ್ಟು ಎತ್ತರದ ಕೆಂಪು ಕಂಬ ಇತ್ತು. ಅವರು ಅದನ್ನು ಬೆರಳಿನಿಂದ ಮುಟ್ಟಿ, ಸುತ್ತಲಿನ ನೆಲ ಮುಟ್ಟಿ, ಮತ್ತೆ ಕಂಬ ಮುಟ್ಟಿ ನೋಡಿದರು. "ಅಂದ್ರೆ ನನ್ನ ಹೊಲ ಮೊದಲು ಇಷ್ಟು ಎತ್ತರಕ್ಕಿತ್ತು" ಎಂದರು.